ಹಾಳೆಗೆ ಎಷ್ಟು? ಬಾಗ್ದಾದಿನ ಪುಸ್ತಕ ಪೇಟೆಯ ಲೆಕ್ಕ

ಕಾಗದ, ಶಾಯಿ, ದೌತಿ, ದಫ್ತರ, ಕಲಂ, ದಲ್ಲಾಳಿ. ಈ ಆರು ಮಾತೂ ನಮ್ಮವೇ ಅನ್ನುವಷ್ಟು ಕನ್ನಡದಲ್ಲಿ ಬೆರೆತುಹೋಗಿವೆ. ಆದರೆ ಎಲ್ಲವೂ ಅರಬ್ಬಿ, ಪಾರ್ಸಿ ಕಡೆಯಿಂದ ಬಂದವು. ಸಾವಿರ ವರ್ಷದ ಹಿಂದೆ ಈ ಆರೂ ಮಾತು ಒಂದೇ ಬೀದಿಯಲ್ಲಿ ಕಿವಿಗೆ ಬೀಳುವಂತಹ ಜಾಗಗಳಿದ್ದವು. ಬಾಗ್ದಾದಿನ ವರ್ರಾಕರ ಪೇಟೆ ಅಂಥದ್ದೊಂದು.

ವರ್ರಾಕ್ ಅಂದರೆ ಯಾರು? ಅರಬ್ಬಿಯಲ್ಲಿ ‘ವರಕ್’ ಅಂದರೆ ಎಲೆ, ಹಾಳೆ. ಹಾಳೆಯಿಂದ ಹೊಟ್ಟೆ ಹೊರೆಯುವವನು ವರ್ರಾಕ್. ಅವನು ಕಾಗದ ಮಾರುತ್ತಿದ್ದ. ಕೇಳಿದವರಿಗೆ ಪುಸ್ತಕ ನಕಲು ಮಾಡಿಕೊಡುತ್ತಿದ್ದ. ಹೊಲಿದು ರಟ್ಟು ಕಟ್ಟುತ್ತಿದ್ದ, ಹಳೇ ಪುಸ್ತಕ ಕೊಂಡು ಮಾರುತ್ತಿದ್ದ. ಇವತ್ತು ನಾವು ಪ್ರಕಾಶಕ, ಮುದ್ರಕ, ಪುಸ್ತಕದಂಗಡಿ, ಸ್ಟೇಷನರಿ ಅಂಗಡಿ ಎಂದು ನಾಲ್ಕಾಗಿ ಹೇಳುವುದೆಲ್ಲ ಅಲ್ಲಿ ಒಬ್ಬನ ಕಸುಬಾಗಿರಬಹುದಿತ್ತು. 9ನೆಯ ಶತಮಾನದ ಕೊನೆಗೆ ಬರೆದ ಯಾಕೂಬಿ ಎಂಬ ಭೂಗೋಳಕಾರ, ಬಾಗ್ದಾದಿನ ಒಂದೇ ಬಡಾವಣೆಯಲ್ಲಿ ಇಂಥ ನೂರಕ್ಕೂ ಹೆಚ್ಚು ಅಂಗಡಿಗಳಿವೆ ಎನ್ನುತ್ತಾನೆ.

ಈ ಪೇಟೆ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಒಂದೇ ಪ್ರಶ್ನೆಯ ಎಳೆ ಹಿಡಿದು ನೋಡಬಹುದು. ಹಾಳೆಗೆ ಎಷ್ಟು? ಬರೆಯುವವನ ಕೂಲಿ, ಪುಸ್ತಕದ ಬೆಲೆ, ಮೋಸ, ತಪ್ಪು, ಜಗಳ ಎಲ್ಲವೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಹಾಳೆಯ ಲೆಕ್ಕದಲ್ಲೇ.

ಹಗ್ಗದಿಂದ ಹಾಳೆ

ಕಾಗದ ಅರಬರಿಗೆ ಹೇಗೆ ಸಿಕ್ಕಿತು ಅನ್ನುವುದಕ್ಕೆ ಎಲ್ಲರೂ ಹೇಳುವ ಒಂದು ಕಥೆಯಿದೆ. 751ರಲ್ಲಿ ತಲಾಸ್ ಎಂಬಲ್ಲಿ ಅರಬರಿಗೂ ಚೀನೀಯರಿಗೂ ಯುದ್ಧವಾಯಿತು. ಸೆರೆಸಿಕ್ಕ ಚೀನೀ ಕುಶಲಿಗರು ಸಮರ್ಕಂದದಲ್ಲಿ ಕಾಗದದ ಗುಟ್ಟು ಬಿಟ್ಟುಕೊಟ್ಟರು. ಕಥೆ ಸೊಗಸಾಗಿದೆ. ಆದರೆ ಅದನ್ನು ನಮಗೆ ಹೇಳುವ ಸಆಲಿಬಿ ಎಂಬ ಲೇಖಕ ತೀರಿಕೊಂಡದ್ದು 1038ರಲ್ಲಿ, ಯುದ್ಧ ಮುಗಿದು ಸುಮಾರು ಮುನ್ನೂರು ವರ್ಷದ ಮೇಲೆ. ಅದೂ ಅಲ್ಲದೆ, ಮಧ್ಯ ಏಷ್ಯಾದ ಸೊಗ್ದಿಯನ್ ವರ್ತಕರು ಕಾಗದದ ಮೇಲೆ ಬರೆದ 4ನೆಯ ಶತಮಾನದ ಓಲೆಗಳೇ ಸಿಕ್ಕಿವೆ. ಅಂದರೆ ಯುದ್ಧಕ್ಕೆ ಎಷ್ಟೋ ಮೊದಲೇ ಆ ಸೀಮೆಯ ಜನಕ್ಕೆ ಕಾಗದ ಗೊತ್ತಿತ್ತು. ಕೈದಿಗಳಿಗಿಂತ ವ್ಯಾಪಾರಿಗಳೇ ಅದನ್ನು ಹೊತ್ತು ತಂದಿರಬೇಕು ಅನ್ನುವುದು ನನಗೆ ಜಾಸ್ತಿ ಸರಿ ಅನ್ನಿಸುತ್ತದೆ.

762ರಲ್ಲಿ ಖಲೀಫ ಮನ್ಸೂರ್ ಬಾಗ್ದಾದ್ ಕಟ್ಟಲು ಶುರುಮಾಡಿದ. ದೊಡ್ಡ ಸಾಮ್ರಾಜ್ಯ, ದೊಡ್ಡ ಕಚೇರಿ, ಊರೂರಿನ ತೆರಿಗೆ ಲೆಕ್ಕ. ಬರೆಯಲು ಇದ್ದದ್ದು ಎರಡು ವಸ್ತು. ಒಂದು ಈಜಿಪ್ಟಿನ ಜೊಂಡಿನಿಂದ ಮಾಡುತ್ತಿದ್ದ ಪಪೈರಸ್. ಇನ್ನೊಂದು ಕುರಿ, ಕರುಗಳ ತೊಗಲು. ಜೊಂಡು ಮುಖ್ಯವಾಗಿ ನೈಲ್ ನದಿಯ ಆಸುಪಾಸಿನದು, ಬಾಗ್ದಾದಿಗೆ ದೂರ. ತೊಗಲು ಬೇಕಾದರೆ ಪ್ರಾಣಿಯನ್ನೇ ಕಡಿಯಬೇಕು. ದಪ್ಪ ಪುಸ್ತಕವೊಂದಕ್ಕೆ ಒಂದು ಹಿಂಡೇ ಬೇಕಾಗುತ್ತಿತ್ತು. ಕಾಗದಕ್ಕೆ ಸಾಕಾಗುತ್ತಿದ್ದದ್ದು ಹಳೇ ಹಗ್ಗ, ಚಿಂದಿ ಬಟ್ಟೆ, ನೀರು ಮತ್ತು ಮೈಬಗ್ಗಿಸಿ ದುಡಿಯುವ ಕೈಗಳು.

ಕಚೇರಿಗೆ ಇನ್ನೊಂದು ಕಾರಣವೂ ಇತ್ತು. ತೊಗಲಿನ ಮೇಲಿನ ಬರಹವನ್ನು ಚಾಕುವಿನಿಂದ ಹೆರೆದು, ಅದೇ ಜಾಗದಲ್ಲಿ ಬೇರೆ ಅಂಕಿ ಬರೆಯಬಹುದು. ಕಾಗದ ಶಾಯಿಯನ್ನು ಹೀರಿಕೊಳ್ಳುತ್ತದೆ. ಹೆರೆದರೆ ನಾರು ಏಳುತ್ತದೆ, ಕಲೆ ಉಳಿಯುತ್ತದೆ, ಕಳ್ಳತನ ಬೆರಳಿಗೇ ಸಿಗುತ್ತದೆ. ಖಲೀಫ ಹಾರೂನ್ ಅಲ್-ರಶೀದ್ ಕಚೇರಿಗೆ ಕಾಗದವನ್ನೇ ಬಳಸಿ ಎಂದು ಹೇಳಿದ್ದು ಇದಕ್ಕೇ ಎಂದು ಕಲ್ಕಶಂದಿ ಎಂಬ ಈಜಿಪ್ಟಿನ ಗುಮಾಸ್ತ ಮುಂದೆ ಬರೆದಿಟ್ಟ. ಬಾಗ್ದಾದಿನಲ್ಲಿ ಕಾಗದ ಮಾಡಿಸುವ ಸಲಹೆ ಕೊಟ್ಟವನು ಹಾರೂನನ ಮಂತ್ರಿ ಮನೆತನದ ಫದ್ಲ್ ಬಿನ್ ಯಹ್ಯಾ ಎಂದು ಇತಿಹಾಸಕಾರ ಇಬ್ನ್ ಖಲ್ದೂನ್ ಹೇಳುತ್ತಾನೆ. ಈ ಫದ್ಲ್‌ನ ಅಪ್ಪ ಯಹ್ಯಾನೇ ನಮ್ಮ ಸುಶ್ರುತ ಸಂಹಿತೆಯನ್ನು ಅರಬ್ಬಿಗೆ ಮಾಡಿಸಿದವನು. ಅಪ್ಪ ಪುಸ್ತಕ ತರಿಸಿದ, ಮಗ ಹಾಳೆ ಮಾಡಿಸಿದ.

ಹಾಳೆ ಮಾಡುವ ಬಗೆಯನ್ನು 11ನೆಯ ಶತಮಾನದ ಒಂದು ಅರಬ್ಬಿ ಕೈಪಿಡಿ ಬಿಡಿಬಿಡಿಯಾಗಿ ಹೇಳುತ್ತದೆ. ಅದು ಉತ್ತರ ಆಫ್ರಿಕದ ದೊರೆ ಇಬ್ನ್ ಬಾದೀಸ್‌ನ ಹೆಸರಿನಲ್ಲಿದೆ. ಹಗ್ಗ ಹೊಸೆಯುವಂಥ ಬಿಳಿ ನಾರನ್ನು ತೆಗೆದುಕೊಳ್ಳಬೇಕು. ಕಸ ಆರಿಸಿ, ನೀರಲ್ಲಿ ನೆನೆಸಿ, ಮೆತ್ತಗಾಗುವ ತನಕ ಬಾಚಬೇಕು. ರಾತ್ರಿಯಿಡೀ ಸುಣ್ಣದ ನೀರಿನಲ್ಲಿ ಬಿಡಬೇಕು. ಬೆಳಿಗ್ಗೆ ಕೈಯಲ್ಲಿ ಚೆನ್ನಾಗಿ ಉಜ್ಜಿ ಬಿಸಿಲಿಗೆ ಹರವಬೇಕು. ಸಂಜೆ ಮತ್ತೆ ಸುಣ್ಣದ ನೀರು. ಹೀಗೆ ಮೂರು, ಐದು ಅಥವಾ ಏಳು ಸಲ. ಆಮೇಲೆ ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಒಂದು ವಾರ ಸಿಹಿನೀರಿನಲ್ಲಿ ನೆನೆಹಾಕಬೇಕು. ನೀರು ಬದಲಿಸುತ್ತಲೇ ಇರಬೇಕು, ಯಾಕೆಂದರೆ ಸುಣ್ಣ ಪೂರ್ತಿ ಹೋಗಬೇಕು.

ಇಷ್ಟೆಲ್ಲ ಆದ ಮೇಲೆ ಒರಳಿಗೆ ಹಾಕಿ ಒದ್ದೆಯಾಗಿಯೇ ಕುಟ್ಟುವುದು. ಗಂಟು ಒಂದೂ ಉಳಿಯಬಾರದು. ಸಮರ್ಕಂದದಲ್ಲಿ ಈ ಕುಟ್ಟುವ ಕೆಲಸವನ್ನು ನೀರಿನ ಬಲದಿಂದ ಏಳುವ ಬೀಳುವ ಒನಕೆಗಳೇ ಮಾಡುತ್ತಿದ್ದವು ಎಂದು ಅಲ್-ಬಿರೂನಿ ಹೇಳುತ್ತಾನೆ. ಚಿನ್ನದ ಅದಿರು ಪುಡಿಮಾಡುವ ಬಗೆ ವಿವರಿಸುವಾಗ ಅವನಿಗೆ ಸಮರ್ಕಂದದ ಕಾಗದದ ಒನಕೆ ನೆನಪಾಗಿದೆ. ಕುಟ್ಟಿದ ನಾರನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಕಡ್ಡಿಯಿಂದ ನೇಯ್ದ ಜರಡಿಯಂಥ ಅಚ್ಚನ್ನು ಮುಳುಗಿಸಿ ಎತ್ತುತ್ತಾರೆ. ನೀರು ಸೋರಿ ನಾರು ಮಾತ್ರ ಪದರವಾಗಿ ನಿಲ್ಲುತ್ತದೆ. ಅದನ್ನು ಹಲಗೆಗೆ ಮಗುಚಿ, ನಯವಾದ ಗೋಡೆಗೆ ಅಂಟಿಸಿ ಒಣಗಿಸುತ್ತಾರೆ.

ಇನ್ನೂ ಮುಗಿಯಲಿಲ್ಲ. ಹಾಗೇ ಬರೆದರೆ ಶಾಯಿ ಒಡೆದು ಹರಡಿಬಿಡುತ್ತದೆ. ಆದ್ದರಿಂದ ಗೋಧಿಯ ಗಂಜಿ ಕಾಯಿಸಿ ಎರಡೂ ಬದಿಗೆ ಸವರಬೇಕು. ಸೀರೆಗೆ ಗಂಜಿ ಹಾಕಿದ ಹಾಗೇ. ಒಣಗಿದ ಮೇಲೆ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರಬೇಕು. ಆಗ ಜೊಂಡಿನ ಲೇಖನಿ ಎಲ್ಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ಗಂಜಿಯ ತೊಂದರೆ ಏನೆಂದರೆ ಅದು ಹುಳಕ್ಕೂ ಇಷ್ಟ. ಹಳೇ ಅರಬ್ಬಿ ಪುಸ್ತಕಗಳಲ್ಲಿ ಕಾಣುವ ಹುಳದ ತೂತುಗಳಲ್ಲಿ ಈ ಗಂಜಿಯ ಪಾಲೂ ಇದೆ.

ಶಾಯಿಯಲ್ಲಿ ಎರಡು ಬಗೆ. ದೀಪದ ಮಸಿಗೆ ಅಂಟು ಬೆರೆಸಿದ್ದು ಒಂದು. ಮಾಚಿಕಾಯಿ, ಅನ್ನಭೇದಿ ಸೇರಿಸಿ ಮಾಡಿದ್ದು ಇನ್ನೊಂದು. ಮಸಿ ಶಾಯಿ ಕಾಗದಕ್ಕೆ ಒಗ್ಗುತ್ತದೆ, ಆದರೆ ನೀರು ಬಿದ್ದರೆ ಅಳಿಸುತ್ತದೆ. ಅನ್ನಭೇದಿಯದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹದ ತಪ್ಪಿದರೆ ವರ್ಷಗಳು ಕಳೆದ ಮೇಲೆ ಅಕ್ಷರ ಇದ್ದಲ್ಲೆಲ್ಲ ಹಾಳೆಯನ್ನೇ ತಿಂದುಹಾಕುತ್ತದೆ.

ಕಾಗದ ಎಷ್ಟು ಬೇಗ ಗೆದ್ದಿತು ಅನ್ನುವುದಕ್ಕೆ ಒಂದು ತಮಾಷೆಯ ಸಾಕ್ಷಿಯಿದೆ. 9ನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಒಬ್ಬಾತ ಓಲೆ ಬರೆದು, ಕೊನೆಗೆ ‘ಪಪೈರಸ್ ಮೇಲೆ ಬರೆದದ್ದಕ್ಕೆ ಕ್ಷಮಿಸಿ’ ಎಂದು ಸೇರಿಸಿದ್ದಾನೆ. ಪಪೈರಸ್ಸಿನ ತವರಿನಲ್ಲೇ ಅದು ಆಗಲೇ ಹಳೇ ಕಾಲದ್ದಾಗಿತ್ತು ನೋಡಿ.

ಬಾಯಿಂದ ಹಾಳೆಗೆ

ಹಾಳೆ ಇದ್ದ ಮಾತ್ರಕ್ಕೆ ಪುಸ್ತಕ ಆಗುವುದಿಲ್ಲ. ಆ ಕಾಲದ ಬಾಗ್ದಾದಿನಲ್ಲಿ ಎಷ್ಟೋ ಪುಸ್ತಕಗಳು ಹುಟ್ಟುತ್ತಿದ್ದದ್ದು ಲೇಖಕನ ಮೇಜಿನ ಮೇಲಲ್ಲ, ಮಸೀದಿಯ ಅಂಗಳದಲ್ಲಿ. ಪಂಡಿತ ಕೂತು ಹೇಳುತ್ತಾನೆ, ಸುತ್ತ ಕೂತವರು ಬರೆದುಕೊಳ್ಳುತ್ತಾರೆ. ಗುಂಪು ದೊಡ್ಡದಿದ್ದರೆ ನಡುವೆ ಒಬ್ಬ ನಿಂತು ಹೇಳಿದ್ದನ್ನು ಗಟ್ಟಿಯಾಗಿ ಮತ್ತೆ ಹೇಳುತ್ತಾನೆ. ಇದಕ್ಕೆ ಇಮ್ಲಾ ಎನ್ನುತ್ತಿದ್ದರು. ನಮ್ಮ ಶಾಲೆಯ ಉಕ್ತಲೇಖನದ ಹಾಗೆ, ಆದರೆ ತಿಂಗಳುಗಟ್ಟಲೆ ನಡೆಯುವಂಥದ್ದು.

ಇದರ ಲಾಭ ಗಮನಿಸಿ. ಒಬ್ಬ ಒಂದು ಪ್ರತಿ ನೋಡಿಕೊಂಡು ಬರೆದರೆ ಒಂದು ಹೊಸ ಪ್ರತಿಯಷ್ಟೇ ಆಗುತ್ತದೆ. ಐವತ್ತು ಜನ ಕೇಳಿಕೊಂಡು ಬರೆದರೆ ಒಂದೇ ಹೊತ್ತಿಗೆ ಐವತ್ತು ಪ್ರತಿ. ಅಚ್ಚಿನ ಯಂತ್ರವಿಲ್ಲದೆಯೇ ಒಂದು ಪುಸ್ತಕ ಮೊದಲ ದಿನವೇ ಹತ್ತಾರು ಕೈ ಸೇರುತ್ತಿತ್ತು. ಹಾಗೆ ಬರೆದುಕೊಳ್ಳುತ್ತಿದ್ದವರಲ್ಲಿ ವಿದ್ಯಾರ್ಥಿಗಳು ಇದ್ದರು, ಕಸುಬಿನ ವರ್ರಾಕರೂ ಇದ್ದರು. ಆ ವರ್ರಾಕರ ಪ್ರತಿಯಿಂದಲೇ ಪೇಟೆಯ ಪ್ರತಿಗಳು ಹೊರಡುತ್ತಿದ್ದವು.

ಇಲ್ಲೇ ಜಗಳ ಹುಟ್ಟಿದ್ದು. ಫರ್ರಾ ಎಂಬ ದೊಡ್ಡ ವ್ಯಾಕರಣ ಪಂಡಿತನಿದ್ದ. ತೀರಿಕೊಂಡದ್ದು 822ರಲ್ಲಿ. ಅವನು ಕುರಾನಿನ ಭಾಷೆಯನ್ನು ವಿವರಿಸುವ ಒಂದು ಗ್ರಂಥವನ್ನು ಬಾಗ್ದಾದಿನಲ್ಲಿ ಹೇಳಿ ಬರೆಸಿದ. ಕೇಳಲು ಬಂದವರನ್ನು ಎಣಿಸಲಾಗಲಿಲ್ಲವಂತೆ. ನ್ಯಾಯಾಧೀಶರನ್ನು ಮಾತ್ರ ಎಣಿಸಿದರಂತೆ, ಅವರೇ ಎಂಬತ್ತು ಜನ. ಗ್ರಂಥ ಮುಗಿಯಿತು. ವರ್ರಾಕರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ ಮಾಡಿದರು. ಪ್ರತಿ ಬೇಕಾದವರು ನಮ್ಮಿಂದಲೇ ನಕಲು ಮಾಡಿಸಿಕೊಳ್ಳಬೇಕು, ಐದು ಹಾಳೆಗೆ ಒಂದು ದಿರ್ಹಮ್ ಎಂದರು. ದಿರ್ಹಮ್ ಅಂದರೆ ಬೆಳ್ಳಿ ನಾಣ್ಯ.

ಜನ ಫರ್ರಾನ ಹತ್ತಿರ ಹೋಗಿ ದೂರಿದರು. ಅವನು ವರ್ರಾಕರನ್ನು ಕರೆಸಿ ಕೇಳಿದ. ಅವರು ಮುಚ್ಚುಮರೆ ಮಾಡಲಿಲ್ಲ. ನಿಮ್ಮ ಜೊತೆ ಇಷ್ಟು ದಿನ ಕೂತದ್ದೇ ಇದರಿಂದ ನಾಲ್ಕು ಕಾಸು ಸಿಗಲಿ ಅಂತ, ನಿಮ್ಮ ಬೇರೆ ಪುಸ್ತಕಗಳಿಗಿಂತ ಜನಕ್ಕೆ ಇದೇ ಹೆಚ್ಚು ಬೇಕು, ನಮ್ಮ ಹೊಟ್ಟೆಪಾಡು ನಡೆಯಲಿ ಬಿಡಿ ಎಂದರು. ಸ್ವಲ್ಪ ಇಳಿಸಿಕೊಳ್ಳಿ, ನಿಮಗೂ ಲಾಭ ಅವರಿಗೂ ಲಾಭ ಎಂದ ಫರ್ರಾ. ಅವರು ಒಪ್ಪಲಿಲ್ಲ.

ಆಗ ಫರ್ರಾ ಮಾಡಿದ್ದು ವ್ಯಾಪಾರದ ಮರ್ಮ ತಿಳಿದವನ ಕೆಲಸ. ಇದಕ್ಕಿಂತ ವಿಸ್ತಾರವಾದ ಇನ್ನೊಂದು ವಿವರಣೆ ಹೇಳುತ್ತೇನೆ ಬನ್ನಿ ಎಂದು ಜನರಿಗೆ ಸಾರಿದ. ಕೂತು ಶುರುಮಾಡಿಯೂಬಿಟ್ಟ. ಮೊದಲ ಅಧ್ಯಾಯದ ಒಂದು ಮಾತಿಗೇ ನೂರು ಹಾಳೆ ಆಯಿತಂತೆ. ವರ್ರಾಕರಿಗೆ ದಿಗಿಲಾಯಿತು. ಹೊಸದು ಬಂದರೆ ತಾವು ಬಚ್ಚಿಟ್ಟ ಹಳೆಯದನ್ನು ಕೇಳುವವರು ಯಾರು? ಓಡಿಬಂದರು. ಹತ್ತು ಹಾಳೆಗೆ ಒಂದು ದಿರ್ಹಮ್ ಎಂದು ಒಪ್ಪಿಕೊಂಡರು.

ಇದನ್ನು ಲೆಕ್ಕ ಹಾಕಿ ನೋಡೋಣ. ಸುಮ್ನೆ ಒಂದು ಐನೂರು ಹಾಳೆಯ ಪುಸ್ತಕ ಅಂದುಕೊಳ್ಳಿ. ಮೊದಲ ದರದಲ್ಲಿ ನೂರು ದಿರ್ಹಮ್, ಎರಡನೆಯದರಲ್ಲಿ ಐವತ್ತು. ಪುಸ್ತಕದ ಬೆಲೆ ಅರ್ಧಕ್ಕೆ ಇಳಿಯಿತು. ಕಾಗದ ಅಗ್ಗವಾಗಲಿಲ್ಲ, ಹೊಸ ಯಂತ್ರವೂ ಬರಲಿಲ್ಲ. ಇನ್ನೊಂದು ಪ್ರತಿ ಬರಬಹುದು ಎಂಬ ಹೆದರಿಕೆಯೇ ಸಾಕಾಯಿತು. ಈ ಕಥೆಯಲ್ಲಿ ನನಗೆ ಹಿಡಿಸುವ ವಿಷಯ ಇನ್ನೊಂದಿದೆ. ಫರ್ರಾ ತನ್ನ ಪಾಲು ಕೇಳಲೇ ಇಲ್ಲ. ಹೇಳಿದವನಿಗೆ ಹಾಳೆಯ ಮೇಲೆ ಯಾವ ಹಕ್ಕೂ ಇರಲಿಲ್ಲ. ಬರೆದವನಿಗೆ ಕೂಲಿ, ಹೇಳಿದವನಿಗೆ ಹೆಸರು. ಪಂಡಿತನ ಹೊಟ್ಟೆ ತುಂಬುತ್ತಿದ್ದದ್ದು ದೊರೆಗಳ ಕಾಣಿಕೆ, ಪಾಠದ ಹಣ ಅಥವಾ ಬೇರೆ ಕಸುಬಿನಿಂದ.

ಹಾಳೆ ಅಂದರೆ ಯಾವ ಹಾಳೆ?

ಹಾಳೆಯೇ ಅಳತೆಯಾದರೆ ಹಾಳೆಯಲ್ಲೇ ಮೋಸವೂ ಶುರು. ಅಕ್ಷರ ದೊಡ್ಡದು ಮಾಡಿ, ಸಾಲಿನ ನಡುವೆ ಜಾಗ ಬಿಟ್ಟರೆ ಹತ್ತು ಹಾಳೆಯ ವಿಷಯ ಇಪ್ಪತ್ತಾಗುತ್ತದೆ. ಇದಕ್ಕೆ ಉತ್ತರ ಕೊಟ್ಟವನು ಇಬ್ನ್ ಅಲ್-ನದೀಮ್. ಅವನೂ ವರ್ರಾಕ್, ಅವನಪ್ಪನೂ ವರ್ರಾಕ್. 987ರಲ್ಲಿ ಅವನು ಅರಬ್ಬಿಯಲ್ಲಿ ಸಿಗುವ ಎಲ್ಲ ಪುಸ್ತಕಗಳ ಪಟ್ಟಿ ಮಾಡಲು ಕೂತ. ಅದರ ಹೆಸರು ‘ಫಿಹ್ರಿಸ್ತ್’, ಅಂದರೆ ಪಟ್ಟಿ. ಕುರಾನಿನಿಂದ ಹಿಡಿದು ಮಾಟಮಂತ್ರ, ಅಡಿಗೆ, ಅಜ್ಜಿಕಥೆಯ ತನಕ ಹತ್ತು ಭಾಗಗಳಲ್ಲಿ ಸಾವಿರಾರು ಹೆಸರುಗಳಿವೆ. ಅದರಲ್ಲಿರುವ ಹೆಚ್ಚಿನ ಪುಸ್ತಕಗಳು ಇಂದು ಉಳಿದಿಲ್ಲ.

ಕವಿಗಳ ಭಾಗಕ್ಕೆ ಬಂದಾಗ ಅವನು ಯಾವ ಕವಿಯದು ಎಷ್ಟು ಹಾಳೆ ಎಂದು ಬರೆಯುತ್ತಾನೆ. ಮೊದಲೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ನಾನು ಹಾಳೆ ಅಂದರೆ ಸುಲೈಮಾನಿ ಹಾಳೆ, ಅದರ ಒಂದೊಂದು ಪುಟದಲ್ಲಿ ಇಪ್ಪತ್ತು ಸಾಲು. ಸುಲೈಮಾನಿ ಅನ್ನುವುದು ಇರಾನಿನ ಪೂರ್ವದ ಸೀಮೆ ಖುರಾಸಾನದ ಒಂದು ಕಾಗದದ ಬಗೆ. ಜಾಫರಿ, ತಾಹಿರಿ, ತಲ್ಹಿ ಎಂದು ಇನ್ನೂ ಹಲವು ಬಗೆಯವನ್ನು ಅವನೇ ಹೆಸರಿಸುತ್ತಾನೆ. ಹೆಚ್ಚಿನವು ಅಧಿಕಾರಿಗಳ, ದೊರೆಗಳ ಹೆಸರು ಹೊತ್ತವು. ಒಬ್ಬ ಕವಿಯ ಹಾಡುಗಳನ್ನೆಲ್ಲ ಕೊಡುತ್ತೇನೆ ಎಂದು ವ್ಯಾಪಾರಿ ಮೂವತ್ತು ಹಾಳೆ ಕೈಗಿಟ್ಟರೆ, ಪಟ್ಟಿ ನೋಡಿದ ಗಿರಾಕಿ ‘ಇಲ್ಲಿ ನೂರು ಎಂದಿದೆಯಲ್ಲ’ ಎಂದು ಕೇಳಬಹುದು. ಪಟ್ಟಿಯನ್ನು ಪಾಂಡಿತ್ಯದ ಕೆಲಸ ಅಂತಲೇ ನೋಡುತ್ತೇವೆ. ಆದರೆ ಅದರ ಬೆನ್ನೆಲುಬು ಪೇಟೆಯವನ ತಕ್ಕಡಿ.

ತಕ್ಕಡಿ ಅಂದಾಗ ಒಂದು ನಿಜವಾದ ತಕ್ಕಡಿಯ ಕಥೆಯೂ ಇದೆ. ಹುನೈನ್ ಬಿನ್ ಇಸ್ಹಾಕ್ 9ನೆಯ ಶತಮಾನದ ಹೆಸರಾಂತ ವೈದ್ಯ. ಗ್ರೀಕ್ ವೈದ್ಯಗ್ರಂಥಗಳನ್ನು ಅರಬ್ಬಿಗೆ ತಂದವನು. ಅವನ ಅನುವಾದಗಳಿಗೆ ತೂಕದ ಲೆಕ್ಕದಲ್ಲಿ ಹಣ ಕೊಡುತ್ತಿದ್ದರಂತೆ. ಅವನೇನು ಮಾಡಿದ? ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ದಪ್ಪದ ಕಾಗದ, ದಪ್ಪ ಅಕ್ಷರ, ಪುಟಕ್ಕೆ ಕೆಲವೇ ಸಾಲು. 13ನೆಯ ಶತಮಾನದಲ್ಲಿ ವೈದ್ಯರ ಜೀವನಚರಿತ್ರೆ ಬರೆದ ಇಬ್ನ್ ಅಬಿ ಉಸೈಬಿಆ ಅಂಥ ಪ್ರತಿಗಳನ್ನು ಕಣ್ಣಾರೆ ಕಂಡದ್ದಾಗಿ ಹೇಳುತ್ತಾನೆ. ಜೊತೆಗೆ ಒಂದು ಮಾತು ಸೇರಿಸುತ್ತಾನೆ. ಅಷ್ಟು ದಪ್ಪವಿದ್ದದ್ದಕ್ಕೇ ಅವು ಅಷ್ಟು ಕಾಲ ಉಳಿದುಕೊಂಡವು ಎಂದು. ಹಣದಾಸೆಯಿಂದ ಪುಸ್ತಕ ಬದುಕಿಕೊಂಡಿತು ಅನ್ನಿ.

ಸರಿ, ಒಬ್ಬ ದಿನಕ್ಕೆ ಎಷ್ಟು ಹಾಳೆ ಬರೆಯಬಲ್ಲ? ಇದಕ್ಕೂ ಇಬ್ನ್ ಅಲ್-ನದೀಮನೇ ಸಾಕ್ಷಿ. ಯಹ್ಯಾ ಬಿನ್ ಅದೀ ಎಂಬ ಕ್ರೈಸ್ತ ತತ್ವಶಾಸ್ತ್ರಜ್ಞನನ್ನು ಅವನು ವರ್ರಾಕರ ಪೇಟೆಯಲ್ಲಿ ಕಂಡ. ಇಷ್ಟೊಂದು ನಕಲು ಯಾಕೆ ಮಾಡುತ್ತೀರಿ ಎಂದು ಆಕ್ಷೇಪಿಸಿದ. ಇದಕ್ಕೇ ಬೆರಗಾದೆಯಾ ಎಂದ ಯಹ್ಯಾ. ತಬರಿ ಬರೆದ ಕುರಾನ್ ವ್ಯಾಖ್ಯಾನವನ್ನು ತಾನು ಎರಡು ಸಲ ಪೂರ್ತಿ ನಕಲು ಮಾಡಿ, ಗಡಿನಾಡಿನ ದೊರೆಗಳಿಗೆ ಕೊಟ್ಟದ್ದನ್ನು ಹೇಳಿದ. ಅದು ಮೂವತ್ತು ಸಂಪುಟದ ಆಸುಪಾಸಿನ ಗ್ರಂಥ. ಮನಸ್ಸು ಮಾಡಿದರೆ ಹಗಲೂ ರಾತ್ರಿಯೂ ಸೇರಿ ನೂರು ಹಾಳೆ ಬರೆದುಬಿಡುತ್ತೇನೆ, ಅದೂ ನನಗೆ ಕಮ್ಮಿ ಅನ್ನಿಸುತ್ತದೆ ಎಂದನಂತೆ.

ನೂರು ಹಾಳೆ ನಂಬಬಹುದಾ? ಸುಲೈಮಾನಿ ಅಳತೆಯಲ್ಲಿ ನೂರು ಹಾಳೆಗೆ ಇನ್ನೂರು ಪುಟ, ನಾಲ್ಕು ಸಾವಿರ ಸಾಲು. ಹದಿನಾರು ಗಂಟೆ ಏಳದೆ ಕೂತರೂ ಒಂದು ಸಾಲಿಗೆ ಸಿಗುವುದು ಹದಿನಾಲ್ಕು ಸೆಕೆಂಡು. ಅದರಲ್ಲೇ ಲೇಖನಿ ಅದ್ದಬೇಕು, ಮೂಲದ ಕಡೆ ಕಣ್ಣು ಹಾಯಿಸಬೇಕು, ಪುಟ ಒಣಗಿಸಬೇಕು. ನನಗೆ ಇದು ಜಂಬದ ದಿನದ ಲೆಕ್ಕ ಅನ್ನಿಸುತ್ತದೆ. ಅಥವಾ ಅವನ ಹಾಳೆ ಚಿಕ್ಕದಿತ್ತೋ ಏನೋ. ಯಾವ ಹಾಳೆ ಎಂದು ಮೊದಲೇ ಹೇಳಬೇಕು ಅನ್ನುವುದು ಇದಕ್ಕೇ ಅಲ್ವಾ.

ಇನ್ನೊಂದು ತುದಿಯಲ್ಲಿ ಸೀರಾಫಿ ಇದ್ದಾನೆ. 979ರಲ್ಲಿ ತೀರಿಕೊಂಡ ಈತ ಬಾಗ್ದಾದಿನ ನ್ಯಾಯಾಧೀಶ, ದೊಡ್ಡ ವ್ಯಾಕರಣ ಪಂಡಿತ. ನ್ಯಾಯ ಹೇಳುವುದಕ್ಕೆ ಹಣ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಹತ್ತು ಹಾಳೆ ನಕಲು ಮಾಡಿ, ಹತ್ತು ದಿರ್ಹಮ್ ಗಳಿಸಿ, ಆಮೇಲೇ ಮನೆಯಿಂದ ಹೊರಡುತ್ತಿದ್ದನಂತೆ. ಅಷ್ಟರಲ್ಲಿ ಅವನ ದಿನದ ಖರ್ಚು ನಡೆಯುತ್ತಿತ್ತು. ಹಾಳೆಗೆ ಒಂದು ದಿರ್ಹಮ್! ಫರ್ರಾನ ಕಾಲದ ವರ್ರಾಕರು ಕೊನೆಗೆ ಒಪ್ಪಿದ್ದಕ್ಕೆ ಹತ್ತು ಪಟ್ಟು. ನಡುವೆ ನೂರೈವತ್ತು ವರ್ಷ ಕಳೆದಿದ್ದವು, ನಾಣ್ಯದ ಬೆಲೆಯೂ ಬದಲಾಗಿತ್ತು. ಆದರೆ ಅದಷ್ಟೇ ಅಲ್ಲ ಅಂದುಕೊಳ್ಳುತ್ತೇನೆ. ಸೀರಾಫಿಯ ಕೈಬರಹ ಅಂದರೆ ಅದರಲ್ಲಿ ವ್ಯಾಕರಣದ ತಪ್ಪಿರುವುದಿಲ್ಲ ಎಂಬ ನಂಬಿಕೆ. ಗಿರಾಕಿ ಹಣ ಕೊಡುತ್ತಿದ್ದದ್ದು ಆ ನಂಬಿಕೆಗೂ ಸೇರಿಸಿ.

ಎಲ್ಲರೂ ಸೀರಾಫಿಯಂತೆ ನೆಮ್ಮದಿಯಾಗಿರಲಿಲ್ಲ. ಅವನ ಶಿಷ್ಯನೇ ಆದ ಅಬೂ ಹಯ್ಯಾನ್ ತೌಹೀದಿ ಅರಬ್ಬಿಯ ಬಲು ದೊಡ್ಡ ಗದ್ಯಲೇಖಕ. ಹೊಟ್ಟೆಪಾಡಿಗೆ ನಕಲು ಮಾಡುತ್ತಿದ್ದ, ಮಾಡುತ್ತಲೇ ಅದನ್ನು ಶಪಿಸುತ್ತಿದ್ದ. ಅವನ ಪಾಲಿಗೆ ಅದು ಅಪಶಕುನದ ಕಸುಬು. ಒಬ್ಬ ಮಂತ್ರಿ ತನ್ನ ಪತ್ರಗಳ ಮೂವತ್ತು ಸಂಪುಟ ಕೊಟ್ಟು ನಕಲು ಮಾಡು ಎಂದಾಗ, ಇಷ್ಟುದ್ದ ಯಾಕೆ, ಒಳ್ಳೊಳ್ಳೆಯದನ್ನು ಆರಿಸಿಕೊಡುತ್ತೇನೆ ಎಂದ. ಮಂತ್ರಿಗೆ ಸಿಟ್ಟು ಬಂತು, ನೌಕರಿ ಕೆಟ್ಟಿತು. ಮುಪ್ಪಿನಲ್ಲಿ ತೌಹೀದಿ ತನ್ನ ಪುಸ್ತಕಗಳನ್ನೇ ಸುಟ್ಟುಹಾಕಿದ. ಬೇರೆಯವರ ಕೈಲಿ ಪ್ರತಿಗಳಿದ್ದವು, ಅದಕ್ಕೇ ಅವನ ಕೆಲವು ಪುಸ್ತಕ ನಮಗೆ ಸಿಕ್ಕಿವೆ.

ಒಂದು ಚುಕ್ಕೆ ತಪ್ಪಿದರೆ

ಹಾಳೆಗೆ ಇಷ್ಟು ಅಂತ ಕೂಲಿ ಕೊಟ್ಟರೆ ಬರೆಯುವವನು ಅವಸರ ಮಾಡುತ್ತಾನೆ. ಅರಬ್ಬಿ ಲಿಪಿಯಲ್ಲಿ ಅವಸರ ಬಲು ಅಪಾಯ. ನಮ್ಮಲ್ಲಿ ಪ ಅಕ್ಷರದ ಕೆಳಗೆ ಒಂದು ಸೀಳು ಬಿದ್ದರೆ ಫ ಆಗುತ್ತದೆ. ಅಲ್ಲಿ ಬ, ತ, ನ, ಯ ನಾಲ್ಕೂ ಪದದ ನಡುವೆ ಒಂದೇ ಪುಟ್ಟ ಹಲ್ಲಿನಂತೆ ಕಾಣುತ್ತವೆ. ಚುಕ್ಕೆ ಎಲ್ಲಿದೆ, ಎಷ್ಟಿದೆ ಅನ್ನುವುದರ ಮೇಲೆ ಅಕ್ಷರ ಯಾವುದೆಂದು ಗೊತ್ತಾಗಬೇಕು. ಚುಕ್ಕೆ ಬಿಟ್ಟರೆ ‘ಕತಲ’ ಎಂಬುದೂ ‘ಕಬ್ಬಲ’ ಎಂಬುದೂ ಒಂದೇ ಥರ ಕಾಣುತ್ತದೆ. ಮೊದಲನೆಯದಕ್ಕೆ ಕೊಂದ ಎಂದು ಅರ್ಥ, ಎರಡನೆಯದಕ್ಕೆ ಮುತ್ತಿಟ್ಟ.

868ರ ಹೊತ್ತಿಗೆ ತೀರಿಕೊಂಡ ಜಾಹಿಜ್ ಎಂಬ ಲೇಖಕ ಈ ಕಾಯಿಲೆಯನ್ನು ಚೆನ್ನಾಗಿ ಬಲ್ಲವನು. ಅವನಿಗೆ ಓದಿನ ಹುಚ್ಚು ಎಷ್ಟಿತ್ತೆಂದರೆ, ವರ್ರಾಕರ ಅಂಗಡಿಯನ್ನೇ ರಾತ್ರಿಗೆ ಬಾಡಿಗೆಗೆ ಹಿಡಿದು ಒಳಗೇ ಕೂತು ಓದುತ್ತಿದ್ದನಂತೆ. ಮೊದಲ ನಕಲುಗಾರ ಒಂದು ತಪ್ಪು ಮಾಡುತ್ತಾನೆ, ಎರಡನೆಯವನು ಆ ತಪ್ಪನ್ನು ಹಾಗೇ ಇಳಿಸಿ ತನ್ನದೊಂದು ಸೇರಿಸುತ್ತಾನೆ, ಹೀಗೆ ಕೈ ಬದಲಾದಂತೆಲ್ಲ ಪುಸ್ತಕ ಪೂರಾ ಕೆಟ್ಟುಹೋಗುತ್ತದೆ ಎಂಬುದು ಅವನ ದೂರು. ಬಿಟ್ಟುಹೋದ ಒಂದು ಮಾತನ್ನು ಹುಡುಕಿ ತಿದ್ದುವುದಕ್ಕಿಂತ ಹತ್ತು ಹಾಳೆ ಹೊಸದಾಗಿ ಬರೆಯುವುದು ಸುಲಭ ಎಂದೂ ಹೇಳುತ್ತಾನೆ. ಪ್ರೂಫ್ ನೋಡಿದವರಿಗೆಲ್ಲ ಇದು ಗೊತ್ತು.

ಇದಕ್ಕೆ ಅವರು ಕಂಡುಕೊಂಡ ಮದ್ದು ತಾಳೆ ನೋಡುವುದು. ಹೊಸ ಪ್ರತಿಯನ್ನು ಒಬ್ಬ ಹಿಡಿದುಕೊಳ್ಳುತ್ತಾನೆ, ಮೂಲವನ್ನು ಇನ್ನೊಬ್ಬ ಗಟ್ಟಿಯಾಗಿ ಓದುತ್ತಾನೆ. ಆಗುವುದಾದರೆ ಬರೆಸಿದ ಗುರುವಿನ ಮುಂದೆಯೇ. ಹದೀಸ್ ಅಂದರೆ ಪ್ರವಾದಿಯ ನುಡಿಗಳ ಸಂಗ್ರಹಗಳಲ್ಲಿ ಒಂದೊಂದು ಹೇಳಿಕೆ ಮುಗಿದಲ್ಲಿ ಒಂದು ಪುಟ್ಟ ವೃತ್ತ ಹಾಕುತ್ತಿದ್ದರು. ತಾಳೆ ನೋಡಿ ಆದ ಮೇಲೆ ವೃತ್ತದೊಳಗೆ ಒಂದು ಚುಕ್ಕೆ. ಅಂಥ ಪ್ರತಿ ಕೈಗೆ ಸಿಕ್ಕರೆ ವೃತ್ತಗಳನ್ನು ನೋಡಿದರೆ ಸಾಕು. ಚುಕ್ಕೆ ಎಲ್ಲಿಯ ತನಕ ಇದೆಯೋ ಅಲ್ಲಿಯ ತನಕ ಯಾರೋ ಕೂತು ಓದಿದ್ದಾರೆ. ಖಾಲಿ ವೃತ್ತ ಶುರುವಾದರೆ ಅಲ್ಲಿಂದ ಮುಂದೆ ನಿಮ್ಮ ಜವಾಬ್ದಾರಿ. ಬಿಟ್ಟುಹೋದ ಮಾತನ್ನು ಅಂಚಿನಲ್ಲಿ ಬರೆದು, ಪಕ್ಕಕ್ಕೆ ‘ಸಹ್ಹ್’ ಎಂದು ಹಾಕುತ್ತಿದ್ದರು. ಸರಿಯಿದೆ ಎಂದು ಅರ್ಥ. ಗುರುವಿನ ಮುಂದೆ ಓದಿದ್ದಾದರೆ ಯಾವ ದಿನ, ಎಲ್ಲಿ, ಯಾರ್ಯಾರು ಕೇಳಿದರು ಎಂದು ಹಾಳೆಯ ಮೇಲೇ ದಾಖಲಿಸುತ್ತಿದ್ದರು. ಇಂಥ ದಾಖಲೆಯಿದ್ದ ಪ್ರತಿಗೆ ಪೇಟೆಯಲ್ಲಿ ಬೇರೆಯದೇ ಮರ್ಯಾದೆ.

ತಾಳೆ ನೋಡದ ಅಗ್ಗದ ಪ್ರತಿಗಳೂ ಧಾರಾಳವಾಗಿ ಓಡಾಡುತ್ತಿದ್ದವು. ಅವು ಕೆಟ್ಟವು ಎಂದು ತಳ್ಳಿಹಾಕುವ ಹಾಗಿಲ್ಲ. ಮುಂದೆ ದೊಡ್ಡ ವೈದ್ಯ, ತತ್ವಶಾಸ್ತ್ರಜ್ಞ ಎನಿಸಿಕೊಂಡ ಇಬ್ನ್ ಸೀನಾ ಹುಡುಗನಾಗಿದ್ದಾಗ ಮಧ್ಯ ಏಷ್ಯಾದ ಬುಖಾರಾದಲ್ಲಿ ಅರಿಸ್ಟಾಟಲನ ಅಧ್ಯಾತ್ಮ ಗ್ರಂಥವನ್ನು ನಲವತ್ತು ಸಲ ಓದಿದರೂ ತಲೆಗೆ ಹತ್ತಲಿಲ್ಲವಂತೆ. ಒಂದು ಮಧ್ಯಾಹ್ನ ಅಲ್ಲಿಯ ವರ್ರಾಕರ ಪೇಟೆಗೆ ಹೋದ. ಒಬ್ಬ ದಲ್ಲಾಳಿ ಒಂದು ಪುಸ್ತಕ ಹಿಡಿದು ಕೂಗಿ ಮಾರುತ್ತಿದ್ದ. ಬೇಡ ಎಂದರೂ ಬಿಡಲಿಲ್ಲ. ಇದರ ಯಜಮಾನನಿಗೆ ದುಡ್ಡಿನ ತುರ್ತು, ಮೂರು ದಿರ್ಹಮ್‌ಗೆ ಕೊಡುತ್ತೇನೆ ಎಂದ. ಕೊಂಡು ಮನೆಗೆ ಬಂದು ನೋಡಿದರೆ ಅದೇ ಅರಿಸ್ಟಾಟಲನ ಗ್ರಂಥದ ಉದ್ದೇಶ ಏನೆಂದು ಹಿಂದಿನ ತತ್ವಶಾಸ್ತ್ರಜ್ಞ ಫಾರಾಬಿ ಬರೆದ ವಿವರಣೆ. ಗಂಟು ಬಿಚ್ಚಿತು. ಮಾರನೆಯ ದಿನ ಅವನು ಬಡವರಿಗೆ ದಾನ ಮಾಡಿದನಂತೆ. ಫಾರಾಬಿ ಇದ್ದದ್ದು ಬಾಗ್ದಾದಿನಲ್ಲಿ. ಪುಸ್ತಕ ಸಿಕ್ಕಿದ್ದು ತಿಂಗಳುಗಟ್ಟಲೆ ದಾರಿಯ ಬುಖಾರಾದಲ್ಲಿ, ಒಬ್ಬ ಹದಿಹರೆಯದ ಹುಡುಗನ ಕೈಗೆಟುಕುವ ಬೆಲೆಗೆ.

ಪೇಟೆಯ ಕಣ್ಣಿಗೂ ಮಣ್ಣೆರಚಬಲ್ಲ ಕೈಗಳಿದ್ದವು. 1022ರಲ್ಲಿ ತೀರಿಕೊಂಡ ಇಬ್ನ್ ಅಲ್-ಬವ್ವಾಬ್ ಎಂಬ ಬಾಗ್ದಾದಿನ ಲಿಪಿಕಾರನ ಬಗ್ಗೆ ಒಂದು ಕಥೆಯಿದೆ. ಅವನು ಶಿರಾಜಿನಲ್ಲಿ ದೊರೆ ಬಹಾ ಅಲ್-ದೌಲನ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದ. ಅಲ್ಲಿ ಹಿಂದಿನ ತಲೆಮಾರಿನ ಲಿಪಿಗುರು ಇಬ್ನ್ ಮುಕ್ಲಾನ ಕೈಬರಹದ ಕುರಾನ್ ಸಿಕ್ಕಿತು. ಮೂವತ್ತು ಭಾಗದಲ್ಲಿ ಒಂದು ಎಷ್ಟು ಹುಡುಕಿದರೂ ಇಲ್ಲ. ನಾನು ಬರೆದು ಸೇರಿಸುತ್ತೇನೆ, ಯಾವುದು ಹೊಸದೆಂದು ನೀವು ಕಂಡುಹಿಡಿಯದಿದ್ದರೆ ಒಂದು ಉಡುಗೊರೆಯ ಅಂಗಿ, ನೂರು ಚಿನ್ನದ ದಿನಾರ್ ಕೊಡಿ ಎಂದ. ಭಂಡಾರದಲ್ಲಿದ್ದ ಹಳೇ ಕಾಗದದ ರಾಶಿಯಲ್ಲಿ ಆ ಕುರಾನಿನ ಹಾಳೆಗೆ ಹೋಲುವುದನ್ನು ಆರಿಸಿದ. ಬರೆದ, ಚಿನ್ನದ ಕೆಲಸ ಮಾಡಿ ಅದನ್ನು ಹಳತಾಗಿ ಕಾಣುವಂತೆ ಮಾಸಿಸಿದ. ಬೇರೊಂದು ಭಾಗದ ಹಳೇ ರಟ್ಟು ಕಳಚಿ ಇದಕ್ಕೆ ಹಾಕಿದ. ರಟ್ಟು ಕಳೆದುಕೊಂಡ ಭಾಗಕ್ಕೆ ಹೊಸ ರಟ್ಟು ಕಟ್ಟಿ ಅದನ್ನೂ ಹಳತು ಮಾಡಿದ.

ಒಂದು ವರ್ಷ ಕಳೆದ ಮೇಲೆ ದೊರೆಗೆ ನೆನಪಾಯಿತು. ಮೂವತ್ತೂ ಭಾಗ ತರಿಸಿ ಒಂದೊಂದನ್ನೂ ತಿರುವಿ ನೋಡಿದ. ಕಂಡುಹಿಡಿಯಲಾಗಲಿಲ್ಲ. ಈ ಗುಟ್ಟು ನಮ್ಮಿಬ್ಬರಲ್ಲೇ ಇರಲಿ ಎಂದು ಇಡೀ ಕುರಾನನ್ನು ಇಬ್ನ್ ಮುಕ್ಲಾನದೇ ಎಂದು ಇಟ್ಟುಕೊಂಡ. ಅಂಗಿ, ದಿನಾರ್ ಮಾತ್ರ ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಇಬ್ನ್ ಅಲ್-ಬವ್ವಾಬ್ ದೊರೆಯನ್ನು ಬೇರೆಯದನ್ನೇ ಕೇಳಿದ. ಭಂಡಾರದಲ್ಲಿ ಬಿದ್ದಿರುವ ಖಾಲಿ ಕಾಗದ ಕೊಟ್ಟುಬಿಡಿ ಸಾಕು ಎಂದ. ದೊರೆ ಒಪ್ಪಿದ. ಅವನು ಅಷ್ಟನ್ನೂ ಮನೆಗೆ ಹೊತ್ತೊಯ್ದ. ಮುಂದೆ ಎಷ್ಟೋ ವರ್ಷ ಅದರ ಮೇಲೇ ಬರೆದ.